ಅಭಿರುಚಿಯ ಅಂಕಗಳನ್ನು ಕುರಿತು ವಧೂವರ ಕೇಂದ್ರಗಳವರಿಗೆ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವಧೂವರ ಮಾಹಿತಿ ಕೇಂದ್ರಗಳನ್ನು ನಡೆಸುತ್ತಿರುವ ಮಾನ್ಯ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ವಿನಯಪೂರ್ವಕ ವಿಜ್ಞಾಪನೆ.

ಮದುವೆಯ ವಯಸ್ಸಿಗೆ ಬಂದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಚಿಂತಿಸುತ್ತಿರುವ ತಂದೆತಾಯಿಗಳಿಗೆ ನೆರವಾಗಬೇಕೆಂಬ ಒಂದೇ ಉದ್ದೇಶದಿಂದ, ಭಾನುವಾರದ ಬಿಡುವನ್ನು ತೊರೆದು, ಸಮುದಾಯ ಭವನದ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ನೀವು ನಡೆಸಿಕೊಂಡು ಬಂದಿರುವ ಕಾರ್ಯವನ್ನು ಈ ಸೀಮೆಯವರೆಲ್ಲರೂ ಬಲ್ಲರು. ಹೆಸರು, ವಿದ್ಯಾಭ್ಯಾಸ, ನಕ್ಷತ್ರ, ಉದ್ಯೋಗ, ಸೋದರಮಾವನ ಊರು ಇವಿಷ್ಟನ್ನು ಉದ್ದನೆಯ ಲೆಡ್ಜರಿನಲ್ಲಿ ಬರೆದಿಟ್ಟುಕೊಂಡು, ಬಂದವರಿಗೆ ನಾಲ್ಕಾರು ಬಯೋಡೇಟಾಗಳನ್ನು ತೆಗೆದು ತೋರಿಸುತ್ತಿದ್ದ ಪದ್ಧತಿ ಈಚೆಗೆ ಬದಲಾಗಿ, ಅರ್ಜಿಗಳು ಕಂಪ್ಯೂಟರಿಗೆ ಏರುತ್ತಿವೆ. ಅರ್ಜಿಯ ಕೊನೆಯಲ್ಲಿ ‘ಹವ್ಯಾಸ ಹಾಗೂ ಅಭಿರುಚಿಗಳು’ ಎಂಬ ಕಾಲಂ ಸೇರಿದೆ. ಆ ಕಾಲಮ್ಮಿನಲ್ಲಿ ಬರೆದುದನ್ನು ತಾಳೆನೋಡಿ ‘ಹೊಂದಾಣಿಕೆ ಶೇಕಡಾ ಇಷ್ಟು’ ಎಂಬ ಅಂಕವೊಂದನ್ನು ಪ್ರತಿಯೊಂದು ಹೆಸರಿನ ಎದುರಿಗೂ ಮುದ್ರಿಸಿಕೊಡಬೇಕೆಂಬ ಆಲೋಚನೆಯೂ ನಿಮ್ಮಲ್ಲಿ ಕೆಲವರಿಗೆ ಬಂದಿದೆ. ಆಲೋಚನೆಯ ಹಿಂದಿರುವ ಸದ್ಭಾವವನ್ನು ನಾನು ಸಂದೇಹಿಸುವುದಿಲ್ಲ. ಜಾತಿ, ಜಮೀನು, ಸಂಬಳ ಇವುಗಳನ್ನಷ್ಟೇ ನೋಡಿ ಸಂಬಂಧ ಕುದುರಿಸುವ ಬದಲು ಮನಸ್ಸುಗಳ ಸಾಮ್ಯವನ್ನೂ ನೋಡಬೇಕೆಂಬುದು ಒಳ್ಳೆಯ ಹಂಬಲವೇ. ಆದರೆ ಆ ಅಂಕವು ಹೇಗೆ ಹುಟ್ಟುತ್ತದೆ, ಹುಟ್ಟುವಾಗಲೇ ಯಾರ ಕಡೆಗೆ ವಾಲುತ್ತದೆ ಎಂಬುದನ್ನು ಅರಿಯದೆ ಅದನ್ನು ಅಚ್ಚುಹಾಕಿದರೆ, ನೀವು ನಿವಾರಿಸಲು ಹೊರಟ ಪಕ್ಷಪಾತವೇ ಗಣಿತದ ಮುದ್ರೆಯನ್ನು ಒತ್ತಿಸಿಕೊಂಡು ಹಿಂದಿರುಗೀತೆಂಬ ಆತಂಕದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಅಂಕ ಹಾಕಿ ಹೆಣ್ಣುಗಂಡುಗಳನ್ನು ಹೊಂದಿಸುವುದು ನಮಗೆ ಹೊಸದಲ್ಲ. ಸಾಲಾವಳಿ ನೋಡುವವರು ಬಳಸುವ ಅಷ್ಟಕೂಟದ ಲೆಕ್ಕವನ್ನು ನೆನೆಯಿರಿ. ವರ್ಣಕೂಟಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಹೀಗೆ ಒಟ್ಟು 36 ಗುಣಗಳು. 18ಕ್ಕೆ ಕಡಿಮೆಯಾದರೆ ಸಂಬಂಧ ಬೇಡವೆಂಬುದು ರೂಢಿ. ಗ್ರಹಗತಿಯಲ್ಲಿ ನಂಬಿಕೆ ಇರಲಿ, ಇಲ್ಲದಿರಲಿ, ಲೆಕ್ಕದ ರಚನೆಯನ್ನು ಮಾತ್ರ ಗಮನಿಸಿದರೆ ಅದರಲ್ಲಿ ಎರಡು ಸಂಗತಿಗಳು ಎದ್ದುಕಾಣುತ್ತವೆ. ಯಾವ ಕೂಟಕ್ಕೆ ಎಷ್ಟು ತೂಕವೆಂಬುದು ಅಲ್ಲಿ ಬಹಿರಂಗವಾಗಿದೆ. ಆದುದರಿಂದ ಮನೆಯ ಹಿರಿಯರು ‘ಇಪ್ಪತ್ತೆರಡು ಬಂತು’ ಎಂದಷ್ಟಕ್ಕೇ ಸುಮ್ಮನಾಗದೆ, ‘ಯಾವ ಕೂಟ ಕೈಬಿಟ್ಟಿತು?’ ಎಂದು ಪ್ರಶ್ನಿಸಬಲ್ಲರು. ಎರಡನೆಯದು ಇನ್ನೂ ಗಹನವಾದುದು: ಅಲ್ಲಿ ಸಾಮ್ಯಕ್ಕೇ ಯಾವಾಗಲೂ ಅಂಕ ದೊರೆಯುವುದಿಲ್ಲ. ಗಣವು ಒಂದೇ ಆದರೆ ಪೂರ್ಣ ಅಂಕ. ನಾಡಿಯು ಒಂದೇ ಆದರೆ ಸೊನ್ನೆ, ಬೇರೆಯಾದರೆ ಎಂಟಕ್ಕೆ ಎಂಟು. ಕೆಲವು ವಿಷಯಗಳಲ್ಲಿ ಏಕರೂಪತೆಯೂ ಕೆಲವು ವಿಷಯಗಳಲ್ಲಿ ಭಿನ್ನತೆಯೂ ದಾಂಪತ್ಯಕ್ಕೆ ಒದಗಿಬರುತ್ತವೆಂಬ ವಿವೇಚನೆಯಾದರೂ ಆ ಲೆಕ್ಕದೊಳಗೆ ಸೇರಿಕೊಂಡಿದೆ. ಅಭಿರುಚಿಗಳ ಶೇಕಡಾವಾರು ಲೆಕ್ಕದಲ್ಲಿ ಈ ಎರಡೂ ಇಲ್ಲ. ಅದರ ತೂಕಗಳು ಯಾರ ಕಣ್ಣಿಗೂ ಬೀಳುವುದಿಲ್ಲ; ಇಬ್ಬರೂ ಒಂದೇ ಪದವನ್ನು ಬರೆದರೆ ಒಳ್ಳೆಯದು, ಬೇರೆ ಪದವನ್ನು ಬರೆದರೆ ಕೆಟ್ಟದ್ದು ಎಂಬುದಷ್ಟೇ ಅದರ ಸಿದ್ಧಾಂತ.

ಆ ಲೆಕ್ಕದ ಮೂಲವನ್ನು ತಿಳಿದುಕೊಂಡರೆ ಅದರ ಮಿತಿಯೂ ತಾನಾಗಿ ತೋರುತ್ತದೆ. ಇಬ್ಬರ ಪಟ್ಟಿಗಳಲ್ಲಿ ಸಮಾನವಾಗಿರುವ ಅಂಶಗಳ ಸಂಖ್ಯೆಯನ್ನು, ಎರಡೂ ಪಟ್ಟಿಗಳನ್ನು ಕೂಡಿಸಿದಾಗ ದೊರೆಯುವ ಬೇರೆಬೇರೆ ಅಂಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ ನೂರಕ್ಕೆ ಇಷ್ಟೆಂದು ಹೇಳುವ ವಿಧಾನವು ಇಂಥ ಕಾರ್ಯಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1901ರ ವೇಳೆಗೆ, ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕ್ಕಾರ್. ಅವರು ತಾಳೆನೋಡುತ್ತಿದ್ದುದು ಆಲ್ಪ್ಸ್ ಮತ್ತು ಜ್ಯೂರಾ ಪರ್ವತಪ್ರದೇಶಗಳಲ್ಲಿ ಬೆಳೆಯುವ ಸಸ್ಯಗಳ ಪಟ್ಟಿಗಳನ್ನು. ಸಸ್ಯಗಳ ವಿಷಯದಲ್ಲಿ ಆ ಲೆಕ್ಕವು ಯುಕ್ತವಾಗಿತ್ತು. ಎರಡು ಕಣಿವೆಗಳನ್ನೂ ಶೋಧಿಸುವವನು ಒಬ್ಬನೇ. ಶೋಧಿಸುವ ಕ್ರಮವೂ ಒಂದೇ. ಒಂದು ಗಿಡಕ್ಕೆ ಇರುವ ಶಾಸ್ತ್ರೀಯ ನಾಮವೂ ಒಂದೇ. ಪಟ್ಟಿಯಲ್ಲಿ ಒಂದು ಗಿಡ ಇಲ್ಲವೆಂದರೆ ಹೆಚ್ಚುಕಡಿಮೆ ಆ ಕಣಿವೆಯಲ್ಲಿಯೂ ಅದು ಇಲ್ಲವೆಂದೇ ಅರ್ಥ. ನಿಮ್ಮ ಅರ್ಜಿಯಲ್ಲಿಯೋ, ಬರೆಯುವವರು ನಾನೂರು ಜನ. ಒಬ್ಬೊಬ್ಬರು ಬರೆಯುವ ರೀತಿ ಒಂದೊಂದು. ಒಂದೇ ಅಭಿರುಚಿಗೆ ಹತ್ತು ಹೆಸರುಗಳು. ಬರೆಯದೆ ಬಿಟ್ಟದ್ದು ಇಲ್ಲವೆಂದೇನೂ ಅರ್ಥವಲ್ಲ. ಲೆಕ್ಕದ ಸೂತ್ರ ಹಾಗೆಯೇ ಉಳಿದು, ಅದು ಆಧರಿಸಿದ್ದ ನಿಯಮಗಳೆಲ್ಲ ಕಳಚಿಬಿದ್ದಿವೆ.

ಇದನ್ನು ಒಂದು ಕಲ್ಪಿತ ನಿದರ್ಶನದಿಂದ ವಿಶದಪಡಿಸುತ್ತೇನೆ. ಶಿಡ್ಲಘಟ್ಟದ ರೀಲರೊಬ್ಬರ ಮಗಳು, ಬಿ.ಕಾಂ. ಓದಿದವಳು, ತನ್ನ ಅರ್ಜಿಯಲ್ಲಿ ನಾಲ್ಕು ಅಭಿರುಚಿಗಳನ್ನು ಬರೆದಿದ್ದಾಳೆಂದು ಭಾವಿಸೋಣ: ಹಾಡುವುದು, ತೋಟಗಾರಿಕೆ, ಅಡುಗೆ, ಓದು. ಚಿಂತಾಮಣಿಯ ಹತ್ತಿರದ ಹಳ್ಳಿಯ, ಟೊಮ್ಯಾಟೊ ಬೆಳೆಯುವ ಮನೆತನದ ಯುವಕನೊಬ್ಬ ಮೂರನ್ನು ಬರೆದಿದ್ದಾನೆ: ಭಜನೆ, ಕೃಷಿ, ಓದು. ಚಿಕ್ಕಬಳ್ಳಾಪುರ ಪಟ್ಟಣದಿಂದ ದಿನವೂ ಬೆಂಗಳೂರಿನ ಕಚೇರಿಗೆ ಹೋಗಿಬರುವ ಇನ್ನೊಬ್ಬನು ಹನ್ನೆರಡನ್ನು ಬರೆದಿದ್ದಾನೆ; ಅವುಗಳಲ್ಲಿ ಹಾಡುವುದು, ಅಡುಗೆ, ಓದು ಈ ಮೂರು ಆಕೆಯ ಪಟ್ಟಿಯಲ್ಲಿರುವಂಥವೇ; ಉಳಿದ ಒಂಬತ್ತು ಚಾರಣ, ಛಾಯಾಗ್ರಹಣ, ಬೈಕ್ ಪ್ರವಾಸ ಮುಂತಾದುವು. ಮೊದಲನೆಯವನಿಗೂ ಆಕೆಗೂ ಸಮಾನವಾದದ್ದು ಒಂದು, ಒಟ್ಟು ಬೇರೆಬೇರೆ ಅಂಶಗಳು ಆರು. ಆರರಲ್ಲಿ ಒಂದು, ಎಂದರೆ ಶೇಕಡಾ 17. ಎರಡನೆಯವನಿಗೂ ಆಕೆಗೂ ಸಮಾನವಾದುವು ಮೂರು, ಒಟ್ಟು ಹದಿಮೂರು, ಶೇಕಡಾ 23. ಎರಡನೆಯವನು ಮುಂದಾದನು. ಯಾರೋ ಒಬ್ಬರು ‘ದೊಡ್ಡ ಪಟ್ಟಿಯವರಿಗೆ ಅನ್ಯಾಯವಾಗುತ್ತದೆ’ ಎಂದು, ಒಟ್ಟು ಸಂಖ್ಯೆಯ ಬದಲು ಚಿಕ್ಕ ಪಟ್ಟಿಯ ಉದ್ದದಿಂದ ಭಾಗಿಸುವಂತೆ ಸೂತ್ರವನ್ನು ತಿದ್ದಿದರೆ, ಮೊದಲನೆಯವನಿಗೆ ಶೇಕಡಾ 33, ಎರಡನೆಯವನಿಗೆ 75. ಆ ಸೂತ್ರದಲ್ಲಿ, ಸಿಕ್ಕಿದ್ದನ್ನೆಲ್ಲ ಗುರುತುಹಾಕಿದವನು ಎಲ್ಲ ಹೆಣ್ಣುಮಕ್ಕಳ ಪಟ್ಟಿಯಲ್ಲಿಯೂ ಅಗ್ರಸ್ಥಾನಕ್ಕೆ ಬಂದು ಕೂರುತ್ತಾನೆ.

ಈಗ ಅರ್ಜಿಗಳನ್ನು ಓದುವ ನಿಮ್ಮಲ್ಲೊಬ್ಬರು, ಈ ಸೀಮೆಯ ಜನಜೀವನವನ್ನು ಬಲ್ಲವರು, ‘ಭಜನೆಯೂ ಹಾಡುವುದೇ ಅಲ್ಲವೆ, ಕೃಷಿಗೂ ತೋಟಗಾರಿಕೆಗೂ ಅಂಥ ಅಂತರವೇನು?’ ಎಂದು ಆ ಪದಗಳನ್ನು ಒಂದುಗೂಡಿಸಿದರೆಂದುಕೊಳ್ಳಿ. ಮೊದಲನೆಯ ಯುವಕನ ಮೂರೂ ಅಭಿರುಚಿಗಳು ಆಕೆಯ ನಾಲ್ಕರೊಳಗೆ ಸೇರಿಹೋಗುತ್ತವೆ. ನಾಲ್ಕರಲ್ಲಿ ಮೂರು, ಶೇಕಡಾ 75. ಎರಡನೆಯವನು 23ರಲ್ಲಿಯೇ ನಿಂತಿದ್ದಾನೆ. ವಧುವೂ ಅವಳೇ, ವರರೂ ಅವರೇ. ಅವರ ಸ್ವಭಾವದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ. ಎರಡು ಜೋಡಿ ಪದಗಳನ್ನು ಒಂದೊಂದಾಗಿ ಎಣಿಸಿದ ಮಾತ್ರಕ್ಕೆ 17 ಹೋಗಿ 75 ಆಯಿತು, ಹಿಂದಿದ್ದವನು ಮುಂದೆ ಬಂದನು. ಇಂಥ ನಿರ್ಣಯವನ್ನು ಯಾವುದೋ ನಗರದ ತಂತ್ರಾಂಶ ರಚನಾಕಾರನೊಬ್ಬ, ಅಥವಾ ಪದಗಳ ಸಾಮೀಪ್ಯವನ್ನು ಬೇರೆಲ್ಲಿಯದೋ ಬರಹಗಳಿಂದ ಕಲಿತ ಯಂತ್ರವೊಂದು, ನಿಮ್ಮ ಪರವಾಗಿ ಮೊದಲೇ ಮಾಡಿಟ್ಟಿರುತ್ತದೆ. ಅದಕ್ಕೆ ‘ಟ್ರೆಕ್ಕಿಂಗ್’, ‘ಹೈಕಿಂಗ್’, ‘ಚಾರಣ’ ಒಂದೇ ಎಂಬುದು ತಿಳಿದಿರುತ್ತದೆ. ಕೈವಾರದ ಯೋಗಿ ನಾರೇಯಣ ಯತೀಂದ್ರರ ಕೀರ್ತನೆಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇರುವುದರಿಂದ, ಅವುಗಳನ್ನು ಪ್ರೀತಿಯಿಂದ ಹಾಡುವವರಲ್ಲಿ ಒಬ್ಬರು ‘ತಾತಯ್ಯನವರ ಪದ’ ಎಂದೂ, ಒಬ್ಬರು ‘ಭಜನೆ’ ಎಂದೂ, ಕಾಲೇಜು ಮೆಟ್ಟಿಲು ಹತ್ತಿದ ಮೂರನೆಯವರು ‘ಸಿಂಗಿಂಗ್’ ಎಂದೂ ಬರೆಯುವರೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಒಂದೇ ಪದದ ಹಿಂದೆ ಬೇರೆಬೇರೆ ಬಾಳುಗಳಿರುವುದೂ ಅಷ್ಟೇ ಸಾಮಾನ್ಯ: ‘ಓದು’ ಎಂದು ಬರೆದ ಇಬ್ಬರಲ್ಲಿ ಒಬ್ಬನು ಕಾದಂಬರಿಗಳ ವ್ಯಸನಿ, ಇನ್ನೊಬ್ಬಳು ಲೋಕಸೇವಾ ಆಯೋಗದ ಪರೀಕ್ಷೆಗೆ ಹಗಲಿರುಳು ಕಣ್ಣುನೆಟ್ಟು ಕುಳಿತವಳು, ಅವರಿಗೆ ಪೂರ್ಣ ಅಂಕ.

ಇಲ್ಲಿಯವರೆಗೆ ಹೇಳಿದ್ದು ಪದಗಳ ದೋಷ. ಇದಕ್ಕಿಂತ ಮರೆಯಲ್ಲಿರುವ, ಅದರಿಂದಲೇ ಹೆಚ್ಚು ಹಾನಿಕರವಾದ ಇನ್ನೊಂದು ದೋಷವು ಪಟ್ಟಿಯ ಉದ್ದಕ್ಕೆ ಸಂಬಂಧಿಸಿದ್ದು. ಜಕ್ಕಾರರ ಲೆಕ್ಕದಲ್ಲಿ, ಮೂರು ಅಂಶಗಳ ಪಟ್ಟಿಯವರು ಹನ್ನೆರಡು ಅಂಶಗಳ ಪಟ್ಟಿಯವರೊಡನೆ ಎಷ್ಟೇ ಹೊಂದಿಕೊಂಡರೂ, ಮೂರಕ್ಕೆ ಮೂರೂ ಆ ಹನ್ನೆರಡರಲ್ಲಿಯೇ ಇದ್ದರೂ, ದೊರೆಯುವುದು ಹನ್ನೆರಡರಲ್ಲಿ ಮೂರು, ಶೇಕಡಾ 25. ಅದಕ್ಕಿಂತ ಮೇಲೆ ಏರಲು ಮಾರ್ಗವೇ ಇಲ್ಲ. ಚಿಕ್ಕ ಪಟ್ಟಿಯ ಉದ್ದವನ್ನು ದೊಡ್ಡ ಪಟ್ಟಿಯ ಉದ್ದದಿಂದ ಭಾಗಿಸಿದಾಗ ಬರುವುದೇ ಆ ಜೋಡಿಗೆ ಸಾಧ್ಯವಿರುವ ಪರಮಾವಧಿ. 36ಕ್ಕೆ 18 ಎಂಬ ರೂಢಿಯನ್ನು ಅನುಸರಿಸಿ ‘ಶೇಕಡಾ 50ಕ್ಕೆ ಕಡಿಮೆಯಾದವರನ್ನು ತೋರಿಸುವುದು ಬೇಡ’ ಎಂದು ನೀವು ನಿಯಮ ಮಾಡಿದಿರೆಂದರೆ, ಒಬ್ಬರ ಪಟ್ಟಿ ಇನ್ನೊಬ್ಬರದರ ಎರಡರಷ್ಟಕ್ಕಿಂತ ಉದ್ದವಾಗಿರುವ ಯಾವ ಜೋಡಿಯೂ, ಅವರ ಮನಸ್ಸುಗಳು ಹೇಗೇ ಇರಲಿ, ಎಂದೆಂದಿಗೂ ಪರಸ್ಪರರ ಕಣ್ಣಿಗೆ ಬೀಳುವುದಿಲ್ಲ. ಅಭಿರುಚಿಯನ್ನು ಅಳೆಯುತ್ತಿದ್ದೇವೆಂದು ಭಾವಿಸಿ ಪಟ್ಟಿಯ ಉದ್ದವನ್ನು ಅಳೆದಂತಾಯಿತು.

ಹಾಗಾದರೆ ಉದ್ದನೆಯ ಪಟ್ಟಿಯನ್ನು ಬರೆಯುವವರು ಯಾರು? ವೇಳೆಯ ಒಂದು ಭಾಗವನ್ನು ದುಡಿಮೆಯಿಂದ ಬೇರ್ಪಡಿಸಿ ಅದಕ್ಕೆ ‘ಹವ್ಯಾಸ’ವೆಂದು ನಾಮಕರಣ ಮಾಡುವಷ್ಟು ಬಿಡುವೂ ಅಭ್ಯಾಸವೂ ಉಳ್ಳವರು. ಶಿಡ್ಲಘಟ್ಟದ ಸುತ್ತಿನ ಹಳ್ಳಿಯೊಂದರಲ್ಲಿ ರೇಷ್ಮೆಹುಳು ಸಾಕುವ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹುಳುಗಳು ನಾಲ್ಕನೆಯ ಜ್ವರದಿಂದೆದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಬೆಳಗು ಹರಿಯುವ ಮುನ್ನವೇ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಬೇಕು, ದಿನಕ್ಕೆ ಹಲವು ಬಾರಿ ಹಾಕಬೇಕು, ಕಸ ತೆಗೆಯಬೇಕು. ಹುಳು ಹಣ್ಣಾದೊಡನೆ ಕೈಬಿಡುವಿಲ್ಲದೆ ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ಮನೆಯ ಮಗಳು ಹುಳುವಿನ ಮೈಬಣ್ಣವನ್ನು ನೋಡಿದ ಮಾತ್ರಕ್ಕೆ ಅದು ಹಣ್ಣಾಯಿತೋ ಇಲ್ಲವೋ ಎಂದು ಹೇಳಬಲ್ಲ ಸೂಕ್ಷ್ಮದೃಷ್ಟಿಯವಳಾಗಿರುತ್ತಾಳೆ. ಆದರೆ ಅದನ್ನು ಅಭಿರುಚಿಯ ಕಾಲಮ್ಮಿನಲ್ಲಿ ಬರೆಯಬಹುದೆಂದು ಅವಳಿಗೆ ಹೊಳೆಯುವುದಿಲ್ಲ, ಹೊಳೆದು ಬರೆದರೂ ಅದಕ್ಕೆ ಜೋಡಿಯಾಗುವ ಪದ ನಿಮ್ಮ ತಂತ್ರಾಂಶದಲ್ಲಿಲ್ಲ. ಅವಳ ಅರ್ಜಿಯನ್ನು ಬಹುಮಟ್ಟಿಗೆ ತಂದೆಯೋ ಅಣ್ಣನೋ ತುಂಬಿರುತ್ತಾರೆ. ‘ಅಡುಗೆ, ರಂಗೋಲಿ’ ಎಂದು ಬರೆದು, ಗಂಡುಮಕ್ಕಳ ಅರ್ಜಿಯಲ್ಲಿ ‘ಕ್ರಿಕೆಟ್’ ಎಂದು ಬರೆಯುತ್ತಾರೆ. ಇಂಥ ಎರಡು ಪಟ್ಟಿಗಳಿಗೆ ಸಾಮ್ಯ ಸೊನ್ನೆ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿ, ಅಲ್ಲಿಯೇ ಕೆಲಸ ಹಿಡಿದು, ತಮ್ಮ ಅರ್ಜಿಯನ್ನು ತಾವೇ ತುಂಬಿದ ಇಬ್ಬರಿಗೆ ಮಾತ್ರ ಪಟ್ಟಿಗಳು ಉದ್ದವಾಗಿಯೂ ಇರುತ್ತವೆ, ಹೆಣ್ಣುಗಂಡೆಂಬ ಭೇದವಿಲ್ಲದೆ ಒಂದೇ ಬಗೆಯ ಪದಗಳಿಂದ ಕೂಡಿಯೂ ಇರುತ್ತವೆ. ಸಂಬಳದ ಕಾಲಮ್ಮನ್ನು ನೋಡದೆಯೇ ಲೆಕ್ಕವು ಸಂಬಳದವರನ್ನು ಸಂಬಳದವರೊಡನೆ ಕೂಡಿಸಿತು. ಜಾತಿಯ ಕಾಲಮ್ಮನ್ನು ಅಳಿಸಿಹಾಕಿದರೂ, ಊಟದ ಅಭ್ಯಾಸ, ಹೋಗುವ ಜಾತ್ರೆ, ಕಲಿತ ಸಂಗೀತ, ಇವುಗಳ ಮೂಲಕ ಅದೂ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಈ ದೋಷವನ್ನು ತಿಳಿದವರು ಕೆಲವೊಮ್ಮೆ ಒಂದು ಪರಿಹಾರವನ್ನು ಸೂಚಿಸುತ್ತಾರೆ: ಎಲ್ಲರೂ ಬರೆಯುವ ‘ಪ್ರವಾಸ’ದಂಥ ಪದಕ್ಕೆ ಕಡಿಮೆ ತೂಕ, ಅಪರೂಪದ ಪದಕ್ಕೆ ಹೆಚ್ಚು ತೂಕ. ಗ್ರಂಥಗಳ ರಾಶಿಯಲ್ಲಿ ಬೇಕಾದುದನ್ನು ಹುಡುಕುವ ಸಲುವಾಗಿ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ 1972ರಲ್ಲಿ ಪ್ರತಿಪಾದಿಸಿದ ತತ್ತ್ವವಿದು. ಆ ಕ್ಷೇತ್ರದಲ್ಲಿ ಅದರ ಉಪಕಾರ ಬಹಳ ದೊಡ್ಡದು. ನಾನೂರು ಅರ್ಜಿಗಳಲ್ಲಿ ಇನ್ನೂರು ಜನ ಬರೆದ ಪದಕ್ಕೆ ತೂಕ 1 ಎಂದಾದರೆ, ಇಪ್ಪತ್ತೈದೇ ಜನ ಬರೆದ ಪದಕ್ಕೆ ತೂಕ 4 ಬರುವಂತೆ ಲೆಕ್ಕವನ್ನು ಕಟ್ಟಬಹುದು. ಆಗ ಅಪರೂಪದ ಒಂದು ಸಾಮ್ಯವು ಸಾಮಾನ್ಯವಾದ ನಾಲ್ಕು ಸಾಮ್ಯಗಳಿಗೆ ಸಮನಾಗುತ್ತದೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಅಪರೂಪವಾಗಿರುವುದು ಯಾವುದು? ಗಿಟಾರ್, ಈಜುಕೊಳದ ಈಜು, ವಿದೇಶ ಪ್ರವಾಸ, ಎಂದರೆ ಹಣ ಕೊಟ್ಟು ಪಡೆಯಬೇಕಾದ ಅಭಿರುಚಿಗಳು. ತೂಕ ಹೆಚ್ಚಿದ್ದು ಅಂತಸ್ತಿನ ಗುರುತಿಗೆ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು: ‘ಕ್ರಿಕೆಟ್’ ಎಂಬುದನ್ನು ಒಂದೇ ರೀತಿಯಲ್ಲಿ ತಪ್ಪಾಗಿ ಬರೆದ ಇಬ್ಬರೇ ಇಬ್ಬರಿದ್ದರೆ, ಆ ತಪ್ಪು ಪದವು ಇಡೀ ಕಡತದಲ್ಲಿಯೇ ಅತ್ಯಂತ ಅಪರೂಪದ್ದೆಂದು ಎಣಿಕೆಯಾಗಿ, ಅದೇ ಲೆಕ್ಕದಲ್ಲಿ ಏಳೂವರೆಗೂ ಮೀರಿದ ತೂಕವನ್ನು ಪಡೆದು, ಅವರಿಬ್ಬರನ್ನು ಅಪೂರ್ವ ಜೋಡಿಯೆಂದು ಸಾರುತ್ತದೆ. ಅಂಕದ ಪಟ್ಟಿಯ ತುದಿಯಲ್ಲಿ ಕಾಣುವ ಹೆಸರುಗಳನ್ನು ಕೈಯಾರೆ ಪರಿಶೀಲಿಸದಿದ್ದರೆ ಇಂಥದು ಎಂದಿಗೂ ಬೆಳಕಿಗೆ ಬಾರದು.

‘ಅಂಕ ಎಷ್ಟೇ ಇರಲಿ, ಕೊನೆಗೆ ತೀರ್ಮಾನಿಸುವವರು ಮನೆಯವರೇ ಅಲ್ಲವೆ? ಒಂದು ಸಂಖ್ಯೆಯಿಂದ ಏನಾದೀತು?’ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಅಮೆರಿಕದಿಂದ ಒಂದು ಉತ್ತರ ದೊರೆತಿದೆ. 2004ರಲ್ಲಿ ಪ್ರಾರಂಭವಾದ ಓಕೆಕ್ಯುಪಿಡ್ ಎಂಬ ಸಂಸ್ಥೆಯು ಸದಸ್ಯರಿಗೆ ಪ್ರಶ್ನೆಗಳನ್ನು ಕೊಟ್ಟು, ನಿಮ್ಮ ಉತ್ತರವೇನು, ಎದುರಿನವರಿಂದ ಅಪೇಕ್ಷಿಸುವ ಉತ್ತರವೇನು, ಆ ಪ್ರಶ್ನೆ ನಿಮಗೆ ಎಷ್ಟು ಮುಖ್ಯ ಎಂದು ಮೂರನ್ನೂ ಕೇಳಿ ಶೇಕಡಾವಾರು ಹೊಂದಾಣಿಕೆಯನ್ನು ಹೇಳುತ್ತಿತ್ತು. ಬರಿಯ ಪದಸಾಮ್ಯಕ್ಕಿಂತ ಅದು ಎಷ್ಟೋ ವಿವೇಕದ ವಿಧಾನ, ಏಕೆಂದರೆ ನನ್ನಂಥವರೇ ನನಗೆ ಬೇಕೆಂದು ಅದು ಮೊದಲೇ ಊಹಿಸಿಕೊಳ್ಳುವುದಿಲ್ಲ. ಅದೇ ಸಂಸ್ಥೆಯವರು 2014ರಲ್ಲಿ ತಾವು ನಡೆಸಿದ್ದ ಒಂದು ಪ್ರಯೋಗವನ್ನು ಬಹಿರಂಗಪಡಿಸಿದರು. ಲೆಕ್ಕದ ಪ್ರಕಾರ ಶೇಕಡಾ 30 ಮಾತ್ರ ಹೊಂದುತ್ತಿದ್ದ ಕೆಲವು ಜೋಡಿಗಳಿಗೆ, ನಿಮ್ಮ ಹೊಂದಾಣಿಕೆ 90 ಎಂದು ಬೇಕೆಂದೇ ಸುಳ್ಳು ಅಂಕವನ್ನು ತೋರಿಸಲಾಗಿತ್ತು. ಸತ್ಯವಾದ 30ನ್ನು ಕಂಡವರಲ್ಲಿ ಮೊದಲ ಸಂದೇಶವು ಮುಂದುವರಿದು ಸಂಭಾಷಣೆಯಾದದ್ದು ನೂರಕ್ಕೆ ಹತ್ತರಷ್ಟು. ಸುಳ್ಳು 90ನ್ನು ಕಂಡವರಲ್ಲಿ ಹದಿನೇಳರಷ್ಟು. ಸದಸ್ಯರಿಗೆ ಮುಂಚಿತವಾಗಿ ತಿಳಿಸದೆ ಹೀಗೆ ಮಾಡಿದ್ದು ಬಹಳ ಟೀಕೆಗೆ ಗುರಿಯಾಯಿತು, ಆ ಟೀಕೆ ಯುಕ್ತವೂ ಆಗಿತ್ತು. ಆದರೂ ಅದರಿಂದ ತಿಳಿದುಬಂದ ಸಂಗತಿಯನ್ನು ನಾವು ಕಡೆಗಣಿಸಲಾಗದು. ಸಂಖ್ಯೆಯನ್ನು ಕಂಡೊಡನೆ ಜನರು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಅನಂತರ ‘ಹೆಚ್ಚು ಅಂಕ ಬಂದವರೇ ಹೆಚ್ಚು ಮುಂದುವರಿದರು, ನೋಡಿ, ಲೆಕ್ಕ ಸರಿ’ ಎಂದು ನೀವು ವರದಿ ಬರೆದರೆ, ಲೆಕ್ಕವು ತಾನೇ ಹುಟ್ಟಿಸಿದ ಫಲವನ್ನು ತನ್ನ ಸಾಕ್ಷಿಯಾಗಿ ಕರೆತಂದಂತಾಗುತ್ತದೆ. ನೂರು ಮನೆಗಳು ಪರಸ್ಪರ ಗುರುತಿಲ್ಲದ ನೂರು ಮನೆಗಳ ಬಾಗಿಲು ತಟ್ಟುವ ಈ ಕಾರ್ಯದಲ್ಲಿ, ಶೇಕಡಾ 17 ಎಂದು ಅಚ್ಚಾದ ಚಿಂತಾಮಣಿಯ ಯುವಕನ ಮನೆಗೆ ಯಾರೂ ಹೋಗುವುದಿಲ್ಲ; ಹೋಗದಿದ್ದುದಕ್ಕೆ ಕಾರಣವೇನೆಂಬುದು ಅವನಿಗೆ ಗೊತ್ತಾಗುವುದೂ ಇಲ್ಲ.

ಇಬ್ಬರು ಭೇಟಿಯಾಗುವ ಮೊದಲೇ, ಅವರು ತಮ್ಮನ್ನು ಕುರಿತು ಬರೆದುಕೊಟ್ಟ ವಿವರಗಳಿಂದ, ಅವರಿಬ್ಬರ ನಡುವೆ ಮಾತ್ರ ಹುಟ್ಟುವ ವಿಶೇಷವಾದ ಆಕರ್ಷಣೆಯನ್ನು ಮುಂಗಾಣಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಸಮಾಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್, ಎಲಿ ಫಿಂಕೆಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಎತ್ತಿಕೊಂಡಿದ್ದರು. ನೂರಕ್ಕೂ ಹೆಚ್ಚು ಗುಣಲಕ್ಷಣಗಳನ್ನು ಬಲಿಷ್ಠವಾದ ಗಣಕವಿಧಾನಗಳಿಗೆ ಒಪ್ಪಿಸಿದ ಮೇಲೆ ಅವರು ಕಂಡುಕೊಂಡದ್ದು ಹೀಗೆ: ಸಾಮಾನ್ಯವಾಗಿ ಎಲ್ಲರನ್ನೂ ಮೆಚ್ಚುವ ಸ್ವಭಾವದವರು ಯಾರು, ಎಲ್ಲರಿಂದಲೂ ಮೆಚ್ಚಿಕೆ ಪಡೆಯುವವರು ಯಾರು ಎಂಬುದನ್ನು ಒಂದಿಷ್ಟು ಮಟ್ಟಿಗೆ ಮುಂಚಿತವಾಗಿ ಹೇಳಬಹುದು, ಇಂಥವರಿಗೆ ಇಂಥವರೇ ಎಂಬ ಜೋಡಿಯ ವಿಶೇಷವನ್ನು ಮಾತ್ರ ಹೇಳಲಾಗಲಿಲ್ಲ. ಅದು ಅಲ್ಪಕಾಲದ ಭೇಟಿಗಳ ಅಧ್ಯಯನ. ನಮ್ಮ ವಿವಾಹಪದ್ಧತಿಗೆ ಅದನ್ನು ಹಾಗೆಯೇ ಅನ್ವಯಿಸಬಾರದು. ಆದರೆ ಅಷ್ಟು ಸಾಮಗ್ರಿಯಿದ್ದವರಿಗೆ ದಕ್ಕದ ಜ್ಞಾನವು ಐದು ಪದಗಳ ಒಂದು ಕಾಲಮ್ಮಿನಿಂದ ನಮಗೆ ದಕ್ಕೀತೆಂದು ನಂಬಲು ಆಧಾರ ಬೇಕು.

ಆ ಆಧಾರವನ್ನು ನೀವೇ ಹುಡುಕಬಲ್ಲಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದ್ದರು. ಪ್ರಶ್ನಿಸದೆ ಒಪ್ಪಬಾರದೆಂಬ ಅವರ ಆಗ್ರಹ ಈ ಸೀಮೆಯವರಿಗೆ ಅಪರಿಚಿತವಲ್ಲ. ಅದೇ ಆಗ್ರಹವನ್ನು ಈ ಅಂಕಕ್ಕೂ ಅನ್ವಯಿಸಿರಿ. ನಿಮ್ಮ ಹಳೆಯ ಕಡತಗಳಲ್ಲಿ, ನಿಮ್ಮ ಮೂಲಕವೇ ವಿವಾಹವಾಗಿ ಇಂದು ನೆಮ್ಮದಿಯಿಂದ ಸಂಸಾರ ನಡೆಸುತ್ತಿರುವವರ, ಮದುವೆಗೆ ಮೊದಲು ಬರೆದ ಬಯೋಡೇಟಾಗಳು ಇರುತ್ತವೆ. ಅವರ ಅನುಮತಿಯನ್ನು ಪಡೆದು, ಅಭಿರುಚಿಗಳು ದಾಖಲಾಗಿರುವ ಇಪ್ಪತ್ತು ದಂಪತಿಗಳನ್ನು ಆರಿಸಿರಿ. ಹೆಸರುಗಳನ್ನು ಮರೆಮಾಡಿ, ಪ್ರತಿಯೊಬ್ಬ ಪತ್ನಿಯ ಪಟ್ಟಿಯನ್ನೂ ಇಪ್ಪತ್ತು ಜನ ಪತಿಗಳ ಪಟ್ಟಿಗಳೊಡನೆ ತಾಳೆನೋಡಿ, ಅಂಕದ ಪ್ರಕಾರ ಸಾಲಾಗಿ ಜೋಡಿಸಿದರೆ, ಅವಳ ನಿಜವಾದ ಪತಿ ಎಷ್ಟನೆಯ ಸ್ಥಾನದಲ್ಲಿ ಬರುತ್ತಾನೆ? ಅಂಕಕ್ಕೆ ಏನೂ ತಿಳಿದಿಲ್ಲವೆಂದಾದರೆ ಇಪ್ಪತ್ತು ಸಲದ ಸರಾಸರಿ ಸುಮಾರು ಹತ್ತೂವರೆಯ ಸುತ್ತ ನಿಲ್ಲುತ್ತದೆ. ಚೆನ್ನಾಗಿ ತಿಳಿದಿದ್ದರೆ ಮೂರು ನಾಲ್ಕರ ಹತ್ತಿರಕ್ಕೆ ಬರಬೇಕು. ಮದುವೆಯಾಗಿ ಹತ್ತು ವರ್ಷವಾದ ಮೇಲೆ ತುಂಬಿಸಿದ ಅರ್ಜಿಗಳನ್ನು ಇದಕ್ಕೆ ಬಳಸಕೂಡದು, ಏಕೆಂದರೆ ಜೊತೆಯಲ್ಲಿ ಬಾಳಿದವರ ಅಭಿರುಚಿಗಳು ಒಂದನ್ನೊಂದು ಹೋಲತೊಡಗುತ್ತವೆ. ಇಪ್ಪತ್ತು ದಂಪತಿಗಳೂ ಹೆಚ್ಚುಕಡಿಮೆ ಒಂದೇ ಬಗೆಯ ವಿದ್ಯಾಭ್ಯಾಸದವರೂ ಒಂದೇ ಬಗೆಯ ಮನೆತನಗಳವರೂ ಆಗಿರಬೇಕು. ಇಲ್ಲದಿದ್ದರೆ, ಪದವೀಧರೆಗೆ ಪದವೀಧರನನ್ನು ಹಿರಿಯರು ನೋಡಿ ತಂದದ್ದೇ ಅಭಿರುಚಿಯ ಸಾಮ್ಯವೆಂಬ ವೇಷದಲ್ಲಿ ಕಾಣಿಸಿಕೊಂಡು ನಿಮ್ಮನ್ನು ವಂಚಿಸುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭವಾದದ್ದು, ಪ್ರತಿ ತಿಂಗಳೂ ಮಾಡಬಹುದಾದದ್ದು. ಪ್ರತಿಯೊಬ್ಬರಿಗೂ ನೀವು ತೋರಿಸುವ ಮೊದಲ ಹತ್ತು ಹೆಸರುಗಳನ್ನು ಒಟ್ಟುಗೂಡಿಸಿ, ಯಾವ ಅರ್ಜಿಯು ಎಷ್ಟು ಜನರ ಹತ್ತರಲ್ಲಿ ಕಾಣಿಸಿಕೊಂಡಿತೆಂದು ಎಣಿಸಿರಿ. ಕೆಲವು ಅರ್ಜಿಗಳು ಎಲ್ಲರ ಪಟ್ಟಿಯಲ್ಲಿಯೂ ಇದ್ದು, ಹಲವು ಅರ್ಜಿಗಳು ಯಾರ ಪಟ್ಟಿಯಲ್ಲಿಯೂ ಇಲ್ಲದಿದ್ದರೆ, ಆ ಎರಡನೆಯ ಗುಂಪನ್ನು ಕೈಗೆತ್ತಿಕೊಂಡು ನಾಲ್ಕು ಸಂಗತಿಗಳನ್ನು ನೋಡಿರಿ: ಪಟ್ಟಿಯ ಉದ್ದವೆಷ್ಟು, ತುಂಬಿದವರು ಯಾರು, ಯಾವ ತಾಲ್ಲೂಕು, ಊರೋ ಪಟ್ಟಣವೋ. ದೋಷವು ಇದ್ದರೆ ಅಲ್ಲಿ ಕಣ್ಣಿಗೆ ಹೊಡೆಯುವಂತೆ ತೋರುತ್ತದೆ.

ಇಷ್ಟಾದ ಮೇಲೂ ಅಭಿರುಚಿಯ ಕಾಲಮ್ಮನ್ನು ತೆಗೆದುಹಾಕಿರೆಂದು ನಾನು ಹೇಳುವುದಿಲ್ಲ. ಹೊಸಬರಿಬ್ಬರಿಗೆ ಮೊದಲ ಮಾತಿಗೆ ಒಂದು ವಿಷಯ ಸಿಕ್ಕುವುದೇ ದೊಡ್ಡ ಉಪಕಾರ. ಆದುದರಿಂದ ಶೇಕಡಾವಾರು ಅಂಕವನ್ನು ಅಚ್ಚುಹಾಕುವ ಬದಲು, ‘ಇಬ್ಬರಿಗೂ ಓದಿನಲ್ಲಿ ಆಸಕ್ತಿಯಿದೆ, ಈಕೆ ಹಾಡುತ್ತಾಳೆ, ಆತ ಭಜನೆಗೆ ಹೋಗುತ್ತಾನೆ’ ಎಂದು ಸಮಾನವಾದುದನ್ನು ಮಾತಿನಲ್ಲಿಯೇ ಬರೆದುಕೊಡಿರಿ, ಯಾರನ್ನೂ ಅಂಕದ ಆಧಾರದ ಮೇಲೆ ಮರೆಮಾಡಬೇಡಿರಿ. ಪದಗಳನ್ನು ಒಂದುಗೂಡಿಸುವ ಕಾರ್ಯಕ್ಕೆ ನಾಲ್ಕು ತಾಲ್ಲೂಕುಗಳಿಂದಲೂ ಒಬ್ಬೊಬ್ಬರು, ಅವರಲ್ಲಿ ಇಬ್ಬರಾದರೂ ಹೆಂಗಸರು, ಕುಳಿತು ನಮ್ಮ ಮಾತಿನದೇ ಒಂದು ಪದಕೋಶವನ್ನು ಸಿದ್ಧಪಡಿಸಲಿ. ಹುಳುಸಾಕಣೆ, ಹೂವಿನ ತೋಟ, ಭಜನಮಂಡಲಿ, ತಾತಯ್ಯನವರ ಪದ ಇವೆಲ್ಲವೂ ಅದರಲ್ಲಿ ಇರಲಿ. ಅರ್ಜಿಯಲ್ಲಿ ‘ಇಷ್ಟವಿಲ್ಲ’ ಎಂಬುದಕ್ಕೂ ‘ಬರೆದಿಲ್ಲ’ ಎಂಬುದಕ್ಕೂ ಬೇರೆಬೇರೆ ಗುರುತುಗಳಿರಲಿ. ಕೊನೆಯ ಸಾಲಿನಲ್ಲಿ ‘ಈ ಕಾಲಂ ತುಂಬಿದವರು ಯಾರು?’ ಎಂದು ಕೇಳಿರಿ. ಹುಡುಗಿಯ ಪರವಾಗಿ ಬೇರೆಯವರು ತುಂಬಿದ್ದರೆ, ಅವಳನ್ನೇ ಕರೆಸಿ, ಬೇರೆ ಯಾರೂ ಇಲ್ಲದಿರುವಾಗ, ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಿರಿ.

ಇಂತಿ ನಿಮ್ಮ ವಿಶ್ವಾಸಿ,
ಗಣಿತದ ಒಬ್ಬ ನಿವೃತ್ತ ಅಧ್ಯಾಪಕ
ಚಿಕ್ಕಬಳ್ಳಾಪುರ